ಎಎಫ್‌ಗೆ ಮಾತ್ರೆ ಸಾಕಾ, ಶಾಕ್ ಬೇಕಾ? ಹೃದ್ರೋಗ ತಜ್ಞರ ಉತ್ತರ

ಪ್ರಶ್ನೆ: ನನಗೆ 66 ವರ್ಷ. ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಬಿಪಿ ಇದೆ. ಎರಡು ತಿಂಗಳಿಂದ ತೋಟದ ಏರು ಹತ್ತಿದರೆ ಏದುಸಿರು. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್ ಅಂತ ಬಂತು. ಮಡಿಕೇರಿ ಡಾಕ್ಟರ್ ಮಾತ್ರೆ ಸಾಕು ಅಂದರು. ಮೈಸೂರಿನವರು ಶಾಕ್ ಕೊಡೋಣ, ಬೇಕಾದರೆ ಆಮೇಲೆ ಹೃದಯದೊಳಗೆ ಕೊಳವೆ ಹಾಕಿ ಸುಡುವ ಅಬ್ಲೇಷನ್ ಅಂತಾರೆ. ಯಾರ ಮಾತು ಸರಿ? ಲಯ ಸರಿಯಾದರೆ ರಕ್ತ ತೆಳು ಮಾಡುವ ಮಾತ್ರೆ ಬಿಡಬಹುದಾ?

ಕೊನೆಯದಕ್ಕೆ ಮೊದಲು ಉತ್ತರ: ಬಿಡಬಾರದು. ವಾರ ವಾರವೂ ಇದನ್ನೇ ಕೇಳುತ್ತಾರೆ. ಪಾರ್ಶ್ವವಾಯು ಬರುವುದು ಹೃದಯದ ಎಡ ಮೇಲಿನ ಕೋಣೆಯಲ್ಲಿ ಹೆಪ್ಪುಗಟ್ಟುವ ರಕ್ತದಿಂದ. ಆ ಅಪಾಯವನ್ನು ಅಂಕ ಹಾಕಿ ಅಳೆಯುತ್ತೇವೆ: 65 ದಾಟಿದ್ದಕ್ಕೆ ಒಂದು ಅಂಕ, ಬಿಪಿಗೆ ಒಂದು. ಗಂಡಸರಿಗೆ ಎರಡು ಅಂಕ ಆದರೆ ಈ ಮಾತ್ರೆ ಬೇಕೇ ಬೇಕು. ಶಾಕ್ ಆದರೂ, ಅಬ್ಲೇಷನ್ ಆದರೂ ನಿಮ್ಮ ವಯಸ್ಸು, ಬಿಪಿ ಎಲ್ಲೂ ಹೋಗುವುದಿಲ್ಲ ಅಲ್ವಾ?

ಇನ್ನು ಆ ಇಬ್ಬರು ಡಾಕ್ಟರ್‌ಗಳು. ಎಎಫ್‌ನಲ್ಲಿ ಮೇಲಿನ ಕೋಣೆಗಳು ನಿಮಿಷಕ್ಕೆ 350ಕ್ಕೂ ಜಾಸ್ತಿ ಸಲ ಅದುರುತ್ತವೆ. ಮೇಲಿನ, ಕೆಳಗಿನ ಕೋಣೆಗಳ ಮಧ್ಯದ ಗಂಟು ಗೇಟಿನ ಹಾಗೆ ಆ ಸಂಕೇತಗಳಲ್ಲಿ ಕೆಲವನ್ನಷ್ಟೇ ಕೆಳಗೆ ಬಿಡುತ್ತದೆ. ಮೆಟೊಪ್ರೊಲಾಲ್‌ನಂಥ ಮಾತ್ರೆ ಆ ಗೇಟನ್ನು ಬಿಗಿ ಮಾಡುತ್ತದೆ. ಕೂತಿದ್ದಾಗ ಬಡಿತ 110ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಸಾಕು. ಅದುರುವುದು ಮಾತ್ರ ನಿಲ್ಲುವುದಿಲ್ಲ. ಇದು ವೇಗದ ಹತೋಟಿ. ಅದುರುವುದನ್ನೇ ನಿಲ್ಲಿಸಿ ಮಾಮೂಲಿ ಲಯಕ್ಕೆ ತರುವುದು ಲಯದ ಹತೋಟಿ.

2002ರ ದೊಡ್ಡ ಅಧ್ಯಯನದಲ್ಲಿ ಎರಡೂ ಕಡೆಯವರು ಬದುಕಿದ್ದು ಹೆಚ್ಚುಕಡಿಮೆ ಒಂದೇ ಅಂತ ಬಂತು. ತುಂಬಾ ಡಾಕ್ಟರ್‌ಗಳು ಇನ್ನೂ ಅಲ್ಲೇ ಇದ್ದಾರೆ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ, ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ಲಯ ಸರಿಪಡಿಸಲು ಹೊರಟರೆ ಪಾರ್ಶ್ವವಾಯು, ಹೃದಯದಿಂದಾಗುವ ಸಾವು ಕಡಿಮೆ ಎಂದು ತೋರಿಸಿತು. ವರ್ಷಗಟ್ಟಲೆ ಅದುರಿದ ಕೋಣೆ ಹಿಗ್ಗಿ, ಗಟ್ಟಿಯಾಗಿ, ಮತ್ತೆ ದಾರಿಗೆ ಬರುವುದಿಲ್ಲ. ತೊಂದರೆಯೇ ಗೊತ್ತಾಗದ 85ರ ಅಜ್ಜನಿಗೆ ನಾನು ವೇಗದ ಮಾತ್ರೆ ಕೊಟ್ಟು ಸುಮ್ನಿರುತ್ತೇನೆ. ನಿಮಗೆ ಏರು ಹತ್ತಲು ಆಗುತ್ತಿಲ್ಲ, ಕಾಯಿಲೆಯೂ ಹೊಸದು. ನಾನಾದರೆ ಮೈಸೂರಿನವರ ಕಡೆ.

ಆದರೆ ನಾಳೆಯೇ ಶಾಕ್ ಬೇಡ. 48 ಗಂಟೆಗಿಂತ ಹಳೆಯ ಎಎಫ್‌ನಲ್ಲಿ ಒಳಗೆ ಹೆಪ್ಪು ಕೂತಿರಬಹುದು. ಲಯ ಸರಿಯಾದ ಮೇಲೆ ಅದು ಕಿತ್ತು ಮಿದುಳಿಗೆ ಹೋಗುತ್ತದೆ. ಮೊದಲು ಎಕೋ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಕೋದಲ್ಲಿ ಮೈಟ್ರಲ್ ಕವಾಟ ಕಿರಿದಾಗಿದ್ದರೆ ರಕ್ತ ತೆಳು ಮಾಡಲು ಅಪಿಕ್ಸಬಾನ್‌ನಂಥ ಹೊಸ ಮಾತ್ರೆ ಬೇಡ, ಹಳೆಯ ವಾರ್ಫರಿನ್ನೇ ಬೇಕು. ಕವಾಟ ಸರಿ ಇದ್ದರೆ ಅಪಿಕ್ಸಬಾನ್ ದಿನಕ್ಕೆ ಎರಡು ಹೊತ್ತು, ಮೂರು ವಾರ ಒಂದೂ ತಪ್ಪದೆ. ತಪ್ಪಿದ್ದರೆ ನಾಚಿಕೆ ಬಿಟ್ಟು ಹೇಳಿ. ಶಾಕ್ ಮುಂದಕ್ಕೆ ಹಾಕುತ್ತಾರೆ, ಇಲ್ಲವೇ ಅನ್ನನಾಳದ ಮೂಲಕ ಎಕೋ ಮಾಡಿ ಹೆಪ್ಪು ಇಲ್ಲ ಅಂತ ನೋಡಿಕೊಳ್ಳುತ್ತಾರೆ.

ಶಾಕ್, ಅಂದರೆ ಕಾರ್ಡಿಯೋವರ್ಷನ್ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸ್ವಲ್ಪ ಹೊತ್ತು ನಿದ್ದೆ ಬರಿಸಿ, ಎದೆ ಬೆನ್ನಿಗೆ ಪ್ಯಾಡ್ ಅಂಟಿಸಿ, ಹೃದಯದ ಬಡಿತಕ್ಕೆ ಹೊಂದಿಸಿ ಶಾಕ್ ಕೊಡುತ್ತಾರೆ. ಸಿನಿಮಾದಲ್ಲಿ ನೋಡಿದ ಹಾಗೆ ನಿಂತ ಹೃದಯವನ್ನು ಎಬ್ಬಿಸುವುದಲ್ಲ ಇದು. ಹೆಚ್ಚಿನವರಿಗೆ ಆಗಲೇ ಲಯ ಬರುತ್ತದೆ. ಆದರೆ ಕೋಣೆಯ ಸ್ನಾಯು ಕೆಲವು ವಾರ ಮಂಕಾಗಿಯೇ ಇರುತ್ತದೆ, ಹೆಪ್ಪಿನ ಭಯ ಆಗಲೂ ಇದೆ. ಅಂಕ ಎಷ್ಟೇ ಇರಲಿ, ಮುಂದಿನ ನಾಲ್ಕು ವಾರ ಯಾರಿಗೂ ಮಾತ್ರೆ ಬಿಡಿಸುವುದಿಲ್ಲ.

ಶಾಕ್ ನನಗೆ ಒಂದು ಪರೀಕ್ಷೆಯೂ ಹೌದು. ಲಯ ಬಂದ ವಾರ ಅದೇ ಏರು ಹತ್ತಿ ನೋಡಿ. ಏದುಸಿರು ಕಡಿಮೆಯಾದರೆ ತೊಂದರೆ ಎಎಫ್‌ನದೇ. ಆಮೇಲೆ ಅದು ಮರಳಿ ಬಂದರೆ (ಒಂದು ವರ್ಷದಲ್ಲಿ ಬಹಳ ಜನರಿಗೆ ಬರುತ್ತದೆ) ಅಬ್ಲೇಷನ್‌ಗೆ ಹೋಗುವುದರಲ್ಲಿ ಅರ್ಥವಿದೆ. ಲಯ ಬಂದರೂ ಏದುಸಿರು ಹಾಗೇ ಇದ್ದರೆ ಬೇರೆ ಕಾರಣ ಹುಡುಕಬೇಕು.

ಅಬ್ಲೇಷನ್‌ನಲ್ಲಿ ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ಹಾಕುತ್ತಾರೆ. ಶ್ವಾಸಕೋಶದ ರಕ್ತನಾಳಗಳು ಎಡ ಕೋಣೆಗೆ ಸೇರುವ ಬಾಯಿಗಳ ಸುತ್ತ ಬಿಸಿ ಅಥವಾ ತಣ್ಣನೆಯಿಂದ ಸುಟ್ಟು ಗೆರೆ ಹಾಕುತ್ತಾರೆ. ತಪ್ಪು ಸಂಕೇತ ಹೆಚ್ಚಾಗಿ ಹೊರಡುವುದು ಅಲ್ಲಿಂದ. ಮೊದಲ ಎರಡು ಮೂರು ತಿಂಗಳು ಬಡಿತ ಏರುಪೇರಾದರೆ ಸೋತಿತು ಅಂತಲ್ಲ. ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ. ಹೃದಯದ ಸುತ್ತ ರಕ್ತ ತುಂಬಿಕೊಳ್ಳುವುದು ಅಪರೂಪದ, ಆದರೆ ನಿಜವಾದ ಅಪಾಯ. ಇನ್ನೊಂದು ಬಹಳ ಅಪರೂಪ: ಕೆಲವು ವಾರ ಬಿಟ್ಟು ಜ್ವರ, ನುಂಗಿದರೆ ನೋವು. ಆಗ ಊರಲ್ಲಿ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಡಿ. ನೇರ ಅಬ್ಲೇಷನ್ ಮಾಡಿದ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೆಳ್ಳುಳ್ಳಿ ಕಷಾಯದಿಂದ ರಕ್ತ ತೆಳು ಆಗುತ್ತೆ, ಮಾತ್ರೆ ಬೇಡ ಅಂತಾರೆ ನಮ್ಮೂರ ನಾಟಿ ವೈದ್ಯರು. ಹೌದಾ?

ಅಲ್ಲ. ಪಾರ್ಶ್ವವಾಯು ಆದ ಮೇಲೆ ಅವರು ನಿಮ್ಮ ಮನೆ ಕಡೆ ತಲೆ ಹಾಕುವುದಿಲ್ಲ.

ಪ್ರಶ್ನೆ: ಕಾಫಿ ಬಿಡಬೇಕಾ?

ಬೇಡ. ಕುಡಿದಾಗಲೆಲ್ಲ ಎದೆ ಡವಡವ ಅಂದರೆ ಮಾತ್ರ ಕಡಿಮೆ ಮಾಡಿ.

ಪ್ರಶ್ನೆ: ಪುತ್ತರಿ ಹಬ್ಬಕ್ಕೆ ಎರಡು ಪೆಗ್?

ಬಿಡಿ. ಮದ್ಯ ಎಎಫ್ ಅನ್ನು ಮರಳಿ ಕರೆಯುತ್ತದೆ. ಶಾಕ್ ಕೊಡಿಸಿಕೊಂಡು ಬಂದು ಅದೇ ವಾರ ಕುಡಿದರೆ ಆಸ್ಪತ್ರೆಗೆ ಕಟ್ಟಿದ ದುಡ್ಡು ದಂಡ.