ಕೆಲಸ ಹೋದಾಗ ಬ್ಯಾಂಕಿಗೆ ಬರೆಯುವ ಪತ್ರ

ಓದುಗರ ಪತ್ರ: “ಕಳೆದ ತಿಂಗಳು ಕೆಲಸ ಹೋಯಿತು. ಗೃಹಸಾಲದ ಅಸಲು ಬಾಕಿ 20 ಲಕ್ಷ ರೂಪಾಯಿ, ಬಡ್ಡಿ ಶೇ. 9, ಇನ್ನೂ 15 ವರ್ಷ ಉಳಿದಿದೆ, ಕಂತು 20,285. ಈವರೆಗೆ ಒಂದು ಕಂತೂ ತಪ್ಪಿಲ್ಲ. ಹೆಂಡತಿಯ ಸಂಬಳದಿಂದ ತಿಂಗಳಿಗೆ 15 ಸಾವಿರ ಕಟ್ಟಬಹುದು. ಸಾಲದ ಷರತ್ತು ಬದಲಿಸಿಕೊಡಿ ಎಂದು ಬ್ಯಾಂಕಿಗೆ ಹೇಗೆ ಬರೆಯಲಿ?”

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲೇ ಬ್ಯಾಂಕಿಗೆ ಬೇಕಾದ ಮುಖ್ಯ ಅಂಶವಿದೆ: ತಿಂಗಳಿಗೆ 15 ಸಾವಿರ. “ತೊಂದರೆಯಲ್ಲಿದ್ದೇನೆ, ದಯವಿಟ್ಟು ಸಹಾಯ ಮಾಡಿ” ಎಂದಷ್ಟೇ ಬರೆದ ಅರ್ಜಿಯ ಮೇಲೆ ಶಾಖೆಯ ಅಧಿಕಾರಿ ಏನನ್ನೂ ಶಿಫಾರಸು ಮಾಡಲಾರರು. ಎಷ್ಟು ಕಟ್ಟುತ್ತೀರಿ, ಆ ಹಣ ಎಲ್ಲಿಂದ ಬರುತ್ತದೆ, ಎಷ್ಟು ತಿಂಗಳು ಎಂಬುದು ಪತ್ರದಲ್ಲೇ ಇದ್ದರೆ ಅವರು ಅದನ್ನು ಮೇಲಿನ ಕಚೇರಿಗೆ ಕಳಿಸಬಹುದು.

ಏನು ಕೇಳಬೇಕೆಂಬುದನ್ನು ಲೆಕ್ಕ ಹಾಕಿ ತೀರ್ಮಾನಿಸಿ. ಹೆಚ್ಚಿನವರು ಅವಧಿ ವಿಸ್ತರಿಸಿ ಎಂದು ಕೇಳುತ್ತಾರೆ. ನಿಮ್ಮ ಸಾಲವನ್ನು 15ರಿಂದ 20 ವರ್ಷಕ್ಕೆ ಎಳೆದರೆ ಕಂತು ಸುಮಾರು 17,995ಕ್ಕೆ ಇಳಿಯುತ್ತದೆ. ತಿಂಗಳಿಗೆ ಉಳಿಯುವುದು 2,290 ರೂಪಾಯಿ ಮಾತ್ರ, ಒಟ್ಟು ಕಟ್ಟುವ ಮೊತ್ತ ಮಾತ್ರ 6.67 ಲಕ್ಷದಷ್ಟು ಏರುತ್ತದೆ. ಅಷ್ಟಾದರೂ ಕಂತು ನಿಮ್ಮ 15 ಸಾವಿರದೊಳಗೆ ಬರುವುದಿಲ್ಲ. ಆರು ತಿಂಗಳು ಏನನ್ನೂ ಕಟ್ಟದಿರಲು ಅವಕಾಶ ಕೇಳಿದರೆ, ಆ ಅವಧಿಯ ಬಡ್ಡಿ ಅಸಲಿಗೆ ಸೇರಿ ಬಾಕಿ ಸುಮಾರು 20.92 ಲಕ್ಷವಾಗುತ್ತದೆ. ಆಮೇಲೆ 15 ವರ್ಷಕ್ಕೆ ಕಂತು 21,215ರ ಆಸುಪಾಸು. ಅಂದರೆ ಈಗಿನದಕ್ಕಿಂತಲೂ ಹೆಚ್ಚು.

ನಿಮಗೆ ಹೊಂದುವುದು ಮೂರನೆಯ ದಾರಿ. 20 ಲಕ್ಷಕ್ಕೆ ಶೇ. 9ರಂತೆ ತಿಂಗಳ ಬಡ್ಡಿ ಸರಿಯಾಗಿ 15 ಸಾವಿರ. ಆರು ತಿಂಗಳು ಬಡ್ಡಿಯನ್ನಷ್ಟೇ ಕಟ್ಟಿದರೆ ಅಸಲು ಬೆಳೆಯುವುದಿಲ್ಲ, ಏಳನೆಯ ತಿಂಗಳಿಂದ ಹಳೆಯ ಕಂತೇ ಮುಂದುವರಿಯುತ್ತದೆ, ಸಾಲ ಆರು ತಿಂಗಳು ತಡವಾಗಿ ಮುಗಿಯುತ್ತದೆ. ಪತ್ರದ ನಡುಭಾಗ ಹೀಗಿರಲಿ:

“ದಿನಾಂಕ ... ರಂದು ನನ್ನ ಉದ್ಯೋಗ ಕೊನೆಗೊಂಡಿದೆ. ಈವರೆಗೆ ಎಲ್ಲ ಕಂತುಗಳನ್ನೂ ಸಕಾಲಕ್ಕೆ ಪಾವತಿಸಿದ್ದೇನೆ. ಪತ್ನಿಯ ವೇತನದಿಂದ ತಿಂಗಳಿಗೆ 15,000 ರೂಪಾಯಿ ಪಾವತಿಸಬಲ್ಲೆ. ... ತಿಂಗಳಿಂದ ಆರು ತಿಂಗಳು ಬಡ್ಡಿಯನ್ನು ಮಾತ್ರ ಪಾವತಿಸಲು ಅನುಮತಿ ನೀಡಿ, ಅಂತಿಮ ಅವಧಿಯನ್ನು ಆರು ತಿಂಗಳು ವಿಸ್ತರಿಸಬೇಕೆಂದು ಕೋರುತ್ತೇನೆ. ಈ ಬದಲಾವಣೆಯಿಂದ ಖಾತೆಯ ವರ್ಗೀಕರಣ ಮತ್ತು ಕ್ರೆಡಿಟ್ ವರದಿಯಲ್ಲಿ ಏನು ದಾಖಲಾಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಿ.”

ಇದರ ಮೇಲೆ ಸಾಲದ ಖಾತೆ ಸಂಖ್ಯೆ ಇರಲಿ. ಕೆಲಸದಿಂದ ಬಿಡುಗಡೆಯಾದ ಪತ್ರ, ಕೊನೆಯ ಸಂಬಳದ ಚೀಟಿಗಳು, ಪತ್ನಿಯ ಸಂಬಳದ ಚೀಟಿ, ಆರು ತಿಂಗಳ ಖಾತೆ ವಿವರ ಲಗತ್ತಿಸಿ. ಪತ್ನಿ ಸಹ-ಸಾಲಗಾರರಾಗಿದ್ದರೆ ಅವರ ಸಹಿಯೂ ಬೇಕು. ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ, ಇಮೇಲ್‌ನಲ್ಲೂ ಕಳಿಸಿ.

ಪತ್ರದ ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ, ಸಾಲಗಾರರು ಹಣಕಾಸಿನ ಸಂಕಷ್ಟದಲ್ಲಿದ್ದಾರೆಂಬ ಕಾರಣಕ್ಕೆ ಷರತ್ತು ಸಡಿಲಿಸಿದರೆ, ಸರಿಯಾಗಿ ನಡೆಯುತ್ತಿದ್ದ ಖಾತೆಯೂ ಸಾಮಾನ್ಯವಾಗಿ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ವರ್ಗಕ್ಕೆ ಇಳಿಯುತ್ತದೆ. ಬ್ಯಾಂಕುಗಳು ಇಂಥ ಅರ್ಜಿಗೆ ಹಿಂಜರಿಯಲು ಇದೊಂದು ದೊಡ್ಡ ಕಾರಣ. ಕ್ರೆಡಿಟ್ ವರದಿಯಲ್ಲಿ ‘ರಿಸ್ಟ್ರಕ್ಚರ್ಡ್’, ಅಂದರೆ ಷರತ್ತು ಬದಲಿಸಿದ ಸಾಲ ಎಂದು ಬಿದ್ದರೆ ಮುಂದೆ ಹೊಸ ಸಾಲ ಸಿಗುವುದು ಕಷ್ಟ. ಹಾಗಾಗಿ ಕೆಲಸ ಬಿಡುವಾಗ ಬಂದ ಹಣದಿಂದಲೋ ಠೇವಣಿಯಿಂದಲೋ ತಿಂಗಳಿಗೆ ಕೊರತೆ ಬೀಳುವ 5,285 ರೂಪಾಯಿ ತುಂಬಲು ಸಾಧ್ಯವೇ ಎಂದು ಮೊದಲು ನೋಡಿ. ಆರು ತಿಂಗಳಿಗೆ ಅದು 31,710 ರೂಪಾಯಿ. ಅಷ್ಟು ಹಣವಿದ್ದರೆ ಅರ್ಜಿಯನ್ನೇ ಹಾಕದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅರ್ಜಿ ಕೊಟ್ಟ ದಿನದಿಂದಲೇ 15 ಸಾವಿರ ಕಟ್ಟತೊಡಗುವುದು ಅನೇಕರು ಎಡವುವ ಜಾಗ. ಮಂಜೂರಾತಿ ಬರುವವರೆಗೆ ಹಳೆಯ ಕಂತೇ ಜಾರಿಯಲ್ಲಿರುತ್ತದೆ. ಖಾತೆಯಲ್ಲಿ ಪೂರ್ತಿ 20,285 ಇಲ್ಲದಿದ್ದರೆ ಆಟೋ ಡೆಬಿಟ್ ಬೌನ್ಸ್ ಆಗಿ ಶುಲ್ಕ ಬೀಳುತ್ತದೆ. ನೀವೇ ಹೋಗಿ 15 ಸಾವಿರ ಕಟ್ಟಿದರೂ ಉಳಿದ 5,285 ಸುಸ್ತಿಬಾಕಿಯಾಗಿ ನಿಂತು ಅದರ ದಿನಗಣನೆ ಶುರುವಾಗುತ್ತದೆ. ಬಾಕಿ 90 ದಿನ ದಾಟಿದರೆ ಖಾತೆ ಹೇಗೂ ಎನ್‌ಪಿಎ ಆಗುತ್ತದೆ. ಆದ್ದರಿಂದ ಮಂಜೂರಾತಿ ಪತ್ರದ ಜೊತೆಗೆ ಹೊಸ ಕಂತಿನ ಪಟ್ಟಿ ಕೇಳಿ ಪಡೆಯಿರಿ. ಮೊದಲ ತಿಂಗಳು ಆಟೋ ಡೆಬಿಟ್‌ನಲ್ಲಿ ಹೋದದ್ದು 15 ಸಾವಿರವೇ, 20,285ವೇ ಎಂದು ಪಾಸ್‌ಬುಕ್‌ನಲ್ಲಿ ನೋಡಿ. ಹಳೆಯ ಮೊತ್ತವೇ ಹೋಗಿದ್ದರೆ ಮಂಜೂರಾತಿ ಪತ್ರದ ಪ್ರತಿ ಇಟ್ಟು ಆ ದಿನವೇ ಶಾಖೆಗೆ ಬರೆದುಕೊಡಿ.