ಹಿಜ್ರಿ 1067 ಅಂದರೆ ಕ್ರಿ.ಶ. ಎಷ್ಟು?

ಪ್ರಶ್ನೆ: ವಿಜಯಪುರದ ಗೋಳಗುಮ್ಮಟದ ಬಾಗಿಲ ಮೇಲಿನ ಶಾಸನ ಹಿಜ್ರಿ 1067 ಎಂದು ಸೂಚಿಸುತ್ತದೆಯಂತೆ. 622 ಕೂಡಿಸಿದರೆ 1689 ಬರುತ್ತದೆ. ಆದರೆ ಒಂದು ಕಡೆ 1656 ಎಂದೂ ಇನ್ನೊಂದು ಕಡೆ 1657 ಎಂದೂ ಓದಿದೆ. ಮೊಹರಂ, ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದು ಗೊತ್ತು. ಅದನ್ನು ಲೆಕ್ಕಕ್ಕೆ ತರುವುದು ಹೇಗೆ?

ಉತ್ತರ: 1689 ಆಗಿರಲು ಸಾಧ್ಯವೇ ಇಲ್ಲ. ಆ ಶಾಸನ ಮೊಹಮ್ಮದ್ ಆದಿಲ್ ಶಾಹನ ಮರಣವನ್ನು ಹೇಳುತ್ತದೆ. ಔರಂಗಜೇಬ 1686ರಲ್ಲೇ ಬಿಜಾಪುರವನ್ನು ಗೆದ್ದುಕೊಂಡಿದ್ದ, ಅಂದರೆ 1689ರಲ್ಲಿ ಆದಿಲ್ ಶಾಹಿ ರಾಜ್ಯವೇ ಇರಲಿಲ್ಲ. ಬರಿದೇ 622 ಕೂಡಿಸಿದಾಗ ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ ತಪ್ಪುತ್ತದೆ.

ತಪ್ಪಿಗೆ ಕಾರಣ ನೀವೇ ಹೇಳಿದ ಆ ಹಿಂಸರಿತ. ಹನ್ನೆರಡು ಚಾಂದ್ರಮಾಸ ಸೇರಿದರೆ ಸರಾಸರಿ 354.367 ದಿನ, ನಮ್ಮ ಕ್ಯಾಲೆಂಡರಿನ ವರ್ಷ 365.2425 ದಿನ. ವ್ಯತ್ಯಾಸ ಸರಾಸರಿ 10.875 ದಿನ. ಹಿಜ್ರಿ ವರ್ಷ 354 ಅಥವಾ 355 ದಿನದ್ದು, ನಮ್ಮದು 365 ಅಥವಾ 366ರದ್ದು. ಹಾಗಾಗಿ ಒಂದೊಂದು ವರ್ಷ 10 ದಿನ, ಹೆಚ್ಚಾಗಿ 11, ಕೆಲವೊಮ್ಮೆ 12 ದಿನ ಸರಿಯುತ್ತದೆ. ವರ್ಷಕ್ಕೆ ಹತ್ತೇ ದಿನವೆಂದು ಹಿಡಿದು ಸಾವಿರ ವರ್ಷದ ಲೆಕ್ಕ ಮಾಡಿದರೆ ಎರಡೂವರೆ ವರ್ಷ ತಪ್ಪುತ್ತದೆ, ಆದ್ದರಿಂದ ದಶಾಂಶವನ್ನು ಬಿಡಬೇಡಿ. 1067 ವರ್ಷಕ್ಕೆ 10.875ರಂತೆ ಸುಮಾರು 11,604 ದಿನ, ಅಂದರೆ 31.8 ವರ್ಷ ಆಗುತ್ತದೆ. ಕೂಡಿಸಿದ ಮೊತ್ತದಿಂದ ಇಷ್ಟನ್ನು ಕಳೆಯಬೇಕಿತ್ತು.

ಇದನ್ನೇ ಒಂದು ಸಾಲಿನ ಸೂತ್ರವಾಗಿ ಬರೆದುಕೊಳ್ಳಬಹುದು:

```
ಕ್ರಿ.ಶ. = ಹಿಜ್ರಿ × 0.970224 + 621.577
```

1067ಕ್ಕೆ ಹಾಕಿ ನೋಡಿ: 1035.229 + 621.577 = 1656.806. ಈ ಉತ್ತರ ಆ ಹಿಜ್ರಿ ವರ್ಷ ಶುರುವಾಗುವ ಹೊತ್ತನ್ನು ತೋರಿಸುತ್ತದೆ. 1656 ಅಧಿಕ ವರ್ಷ, ಹಾಗಾಗಿ 0.806ನ್ನು 366ರಿಂದ ಗುಣಿಸಿದರೆ 295ನೇ ದಿನ, ಅಂದರೆ ಅಕ್ಟೋಬರ್ 21ರ ಆಸುಪಾಸು. ಪೂರ್ಣ ಕೋಷ್ಟಕದಲ್ಲಿ 1067ರ ಮೊಹರಂ 1 ಬೀಳುವುದು 1656ರ ಅಕ್ಟೋಬರ್ 20ಕ್ಕೆ. ಚಂದ್ರದರ್ಶನದಿಂದಲೇ ತಿಂಗಳು ಶುರುವಾಗುವುದರಿಂದ ಯಾವ ಸೂತ್ರದಲ್ಲೂ ಒಂದೆರಡು ದಿನದ ಸಡಿಲ ಇದ್ದೇ ಇರುತ್ತದೆ.

ಈಗ 1656 ಮತ್ತು 1657ರ ಗೊಂದಲ. ಅಕ್ಟೋಬರ್ 20ಕ್ಕೆ ಶುರುವಾದ ವರ್ಷ 1657ರ ಅಕ್ಟೋಬರ್ 8ರವರೆಗೆ ನಡೆಯುತ್ತದೆ. ಮೊಹರಂ, ಸಫರ್ ಮುಗಿದು ರಬೀವುಲ್ ಅವ್ವಲ್ ಅರ್ಧಕ್ಕೆ ಬರುವಷ್ಟರಲ್ಲಿ ಜನವರಿ ಬಂದಿರುತ್ತದೆ. ಅಲ್ಲಿಂದ ಮುಂದಿನದೆಲ್ಲ 1657. ಉದಾಹರಣೆಗೆ, ಒಂಬತ್ತನೇ ತಿಂಗಳಾದ ರಂಜಾನ್ ವರ್ಷದ ಆರಂಭದಿಂದ 236 ದಿನದ ನಂತರ ಬರುತ್ತದೆ. 1067ರ ರಂಜಾನ್ 1657ರ ಜೂನ್ 13ರ ಹೊತ್ತಿಗೆ ಶುರುವಾಯಿತು. ತಿಂಗಳು ತಿಳಿಯದೆ ಬರೀ 1067 ಎಂದಷ್ಟೇ ಸಿಕ್ಕಿದರೆ 1656–57 ಎಂದು ಎರಡನ್ನೂ ಬರೆಯಿರಿ. ಒಂದನ್ನೇ ಆರಿಸಿಕೊಳ್ಳುವುದು ಶಾಸನದಲ್ಲಿ ಇಲ್ಲದ ನಿಖರತೆಯನ್ನು ನಾವು ಸೇರಿಸಿದಂತೆ. ಸುಲ್ತಾನ ತೀರಿಕೊಂಡದ್ದು ನವೆಂಬರಿನಲ್ಲಿ, ಮೊಹರಂ ತಿಂಗಳಿನಲ್ಲೇ. ಆದ್ದರಿಂದ ಅವನ ಮರಣಕ್ಕೆ 1656 ಸರಿ.

ಕ್ಯಾಲ್ಕುಲೇಟರ್ ಇಲ್ಲದಾಗ ಹಿಜ್ರಿಯನ್ನು 33ರಿಂದ ಭಾಗಿಸಿ, ಬಂದದ್ದನ್ನು ಹಿಜ್ರಿಯಿಂದಲೇ ಕಳೆದು, 622 ಕೂಡಿಸಿ. 1067ಕ್ಕೆ 32.33 ಕಳೆದರೆ 1034.67, ಕೂಡಿಸಿದರೆ 1656.67. ನಿಜವಾದ ಆರಂಭಕ್ಕಿಂತ ಇದು ಸುಮಾರು ಒಂದೂವರೆ ತಿಂಗಳು ಹಿಂದೆ. 33 ಚಾಂದ್ರ ವರ್ಷ 32 ಸೌರ ವರ್ಷಕ್ಕಿಂತ ಆರು ದಿನ ಉದ್ದ ಇರುವುದೇ ಇದಕ್ಕೆ ಕಾರಣ. ಹಿಜ್ರಿ 1ರಿಂದ 1500ರವರೆಗೆ ಈ ವಿಧಾನ ಐದು ತಿಂಗಳಿಗಿಂತ ಸ್ವಲ್ಪವಷ್ಟೇ ಹೆಚ್ಚು ತಪ್ಪಬಹುದು. ಶತಮಾನ, ದಶಕ ಗುರುತಿಸಲು ಸಾಕು. ಇಸವಿಯೇ ನಿಖರವಾಗಿ ಬೇಕಿದ್ದರೆ ಮೊದಲಿನ ಸೂತ್ರಕ್ಕೆ ಹೋಗಿ. ತಿರುಗುಮುರುಗಾಗಿ, ಕ್ರಿ.ಶ.ದಿಂದ ಹಿಜ್ರಿಗೆ ಹೋಗುವಾಗ 621.577 ಕಳೆದು 0.970224ರಿಂದ ಭಾಗಿಸಿ. 1656ಕ್ಕೆ 1066.17 ಬರುತ್ತದೆ, ಅಂದರೆ ಆ ಜನವರಿ 1ರಂದು ಹಿಜ್ರಿ 1066 ನಡೆಯುತ್ತಿತ್ತು.

ದಿನದ ಮಟ್ಟದಲ್ಲಿ ಹೋಲಿಸುವವರು ಇನ್ನೊಂದನ್ನು ಗಮನಿಸಬೇಕು. ಇಂಗ್ಲಿಷರು 1752ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿದ್ದರು. 1656ರಲ್ಲಿ ಅದು ನಮ್ಮ ಈಗಿನದಕ್ಕಿಂತ 10 ದಿನ ಹಿಂದಿತ್ತು. ಆ ಕಾಲದ ಅವರ ದಾಖಲೆಯಲ್ಲಿರುವ ತಾರೀಕಿಗೂ ಮೇಲಿನ ಲೆಕ್ಕಕ್ಕೂ 10 ದಿನದ ಅಂತರ ಕಂಡರೆ ಗಾಬರಿಯಾಗಬೇಡಿ.

ಕರ್ನಾಟಕದ ನಾಣ್ಯ ನೋಡುವವರಿಗೆ ಒಂದು ಎಚ್ಚರಿಕೆ. ಟಿಪ್ಪು ಸುಲ್ತಾನ್ 1787ರ ಹೊತ್ತಿಗೆ ತನ್ನ ನಾಣ್ಯಗಳಲ್ಲಿ ಹಿಜ್ರಿಯನ್ನು ಬಿಟ್ಟು ಮೌಲೂದಿ ವರ್ಷ ಹಾಕಿಸಿದ. ಅದು ಋತುಗಳ ಜೊತೆ ಹೊಂದಿಕೊಂಡು ಹೋಗುವ ವರ್ಷ, ಅಲ್ಲಿ ಹನ್ನೊಂದು ದಿನದ ಸರಿತ ಕೂಡಿಬರುವುದಿಲ್ಲ. 572 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ನಾಣ್ಯದ ಮೇಲಿನ 1218ನ್ನು ಮೌಲೂದಿ ಎಂದು ಓದಿದರೆ 1790, ಹಿಜ್ರಿ ಎಂದು ಓದಿದರೆ 1803. ಟಿಪ್ಪು ಮಡಿದದ್ದು 1799ರಲ್ಲಿ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುವುದರಿಂದ ಓದುವಾಗ ಅದನ್ನೂ ನೋಡಿಕೊಳ್ಳಿ.