ಬಿಗಿ ಹಿಡಿಯಲು ಬರುತ್ತಿತ್ತು, ಬಿಡಲು ಬರುತ್ತಿರಲಿಲ್ಲ

ದಾವಣಗೆರೆಯ ಮಂಡಿಪೇಟೆ ಕಡೆ ಅಂಗಡಿ ಇಟ್ಟಿರುವವರು, ವಯಸ್ಸು 34. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂದು ನಿಮಿಷದೊಳಗೆ ಸ್ಖಲನವಾಗುತ್ತದೆ, ಈಚೆಗೆ ನಿಮಿರುವಿಕೆಯೂ ನಡುವೆಯೇ ಇಳಿಯುತ್ತದೆ ಎಂದು ಬಂದರು. ವಿಡಿಯೋ ನೋಡಿ, ಮೂತ್ರ ತಡೆಯುವ ಕೆಳಭಾಗದ ಸ್ನಾಯುಗಳನ್ನು ಬಿಗಿದು ಬಿಡುವ ಕೀಗಲ್ ವ್ಯಾಯಾಮ ಹಿಡಿದಿದ್ದರು. “ಗಲ್ಲಾದಾಗ ಕುಂತಲ್ಲೇ ದಿನಾ ಮುನ್ನೂರು ಸಲ ಮಾಡ್ತೀನ್ರಿ ಸರ್. ಮೊದಲಿಗಿಂತ ಬೇಗ ಆಗ್ತೈತಿ.” ಜೊತೆಗೆ ವೃಷಣದ ಹಿಂದೆ ಸಣ್ಣ ನೋವು.

ಕುರ್ಚಿಯಲ್ಲೇ ಮಾಡಿ ತೋರಿಸಿ ಎಂದೆ. ಉಸಿರು ನಿಂತಿತು, ಭುಜ ಮೇಲೆದ್ದಿತು, ಪೃಷ್ಠ ಬಿಗಿದು ಇಡೀ ಮೈ ಸ್ವಲ್ಪ ಮೇಲಕ್ಕೆ ಬಂತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಲು ಹೇಳಿದರೆ ಅದು ಹೊರಕ್ಕೆ ಉಬ್ಬುತ್ತಿತ್ತು. ಮಲವಿಸರ್ಜನೆಗೆ ತಿಣುಕುವ ಹಾಗೆ ಕೆಳಕ್ಕೆ ತಳ್ಳುತ್ತಿದ್ದರು. ಒಂದು ಬಿಗಿತಕ್ಕೂ ಇನ್ನೊಂದಕ್ಕೂ ನಡುವೆ ಬಿಡುವೇ ಇಲ್ಲ.

ಶಿಶ್ನದ ಬುಡದ ಸ್ನಾಯುಗಳು ಬಿಗಿದಾಗ ಒಳಗಿನ ರಕ್ತದ ಒತ್ತಡ ಏರಿ ಗಡಸುತನ ಹೆಚ್ಚುತ್ತದೆ. ಸ್ಖಲನದಲ್ಲಿ ವೀರ್ಯವನ್ನು ಹೊರದೂಡುವವೂ ಅವೇ. ಹಾಗಾಗಿ ಸದಾ ಬಿಗಿದೇ ಇರುವ ಸ್ನಾಯು ನೋಯಬಹುದು, ಸ್ಖಲನಕ್ಕೂ ಆತುರಪಡಬಹುದು.

ಮೊದಲು ಮೂತ್ರರೋಗ ತಜ್ಞರ ಬಳಿ ಕಳಿಸಿದೆ. ಮೂತ್ರದ ಸೋಂಕು ಇರಲಿಲ್ಲ, ಶುಗರ್, ಬಿಪಿ ಸರಿಯಿದ್ದವು. ಎರಡು ವಾರ ಬಿಗಿಯುವುದನ್ನು ಪೂರ್ತಿ ನಿಲ್ಲಿಸಿದೆವು. ಮಂಡಿ ಮಡಚಿ ಅಂಗಾತ ಮಲಗಿ, ಉಸಿರು ಎಳೆದಾಗ ಹೊಟ್ಟೆ ಏರಬೇಕು, ಗುದದ ಸುತ್ತ ಸಡಿಲವಾಗಬೇಕು; ಅಷ್ಟೇ ಅಭ್ಯಾಸ.

ನೋವು ಇಳಿದ ಮೇಲೆ ಸರಿಯಾದ ಕ್ರಮ ಕಲಿಸಿದೆ. ಅದೇ ಭಂಗಿಯಲ್ಲಿ ಉಸಿರು ಬಿಡುತ್ತಾ, ಶಿಶ್ನವನ್ನು ಒಳಕ್ಕೆ ಎಳೆದುಕೊಂಡು ವೃಷಣಗಳನ್ನು ಮೇಲೆತ್ತುವ ಹಾಗೆ ಬಿಗಿಯಬೇಕು. ಕನ್ನಡಿ ಹಿಡಿದರೆ ಬುಡ ತುಸು ಒಳಸರಿದು ವೃಷಣ ಏರುವುದು ಕಾಣುತ್ತದೆ. ತೊಡೆ, ಪೃಷ್ಠ ಮೆತ್ತಗೇ ಇರಬೇಕು. ಅರ್ಧ ಬಲ ಸಾಕು. 5 ಸೆಕೆಂಡ್ ಹಿಡಿದು 10 ಸೆಕೆಂಡ್ ಪೂರ್ತಿ ಬಿಡುವುದು, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ರೂಢಿಯಾದಂತೆ ಹಿಡಿಯುವ ಹೊತ್ತನ್ನು 10 ಸೆಕೆಂಡಿಗೆ ಏರಿಸಿ, ಆಮೇಲೆ ಕೂತು, ನಿಂತು ಮಾಡಬೇಕು. ಮೂತ್ರವನ್ನು ನಡುವೆ ತಡೆಯುವುದು ಸ್ನಾಯುವಿನ ಗುರುತು ಹಿಡಿಯಲು ಒಮ್ಮೆ ಮಾತ್ರ. ಅದನ್ನೇ ವ್ಯಾಯಾಮ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಸ್ಖಲನ ಹತ್ತಿರ ಬಂದಾಗ ಅವರು ಜೋರಾಗಿ ಬಿಗಿಯುತ್ತಿದ್ದರು. ಹಲವರಲ್ಲಿ ಅದೇ ಸ್ಖಲನವನ್ನು ಎಳೆದು ತರುತ್ತದೆ. ಅದಕ್ಕೆ ಮುಂಚೆಯೇ ಚಲನೆ ನಿಲ್ಲಿಸಿ, ನಿಧಾನ ಉಸಿರು ಬಿಟ್ಟು, ಕೆಳಭಾಗ ಸಡಿಲ ಮಾಡಿ ಎಂದೆ.

“ಎಷ್ಟು ದಿನಕ್ಕೆ ಸರಿ ಹೋಗತೈತ್ರಿ?” 12 ವಾರಕ್ಕೆ ಮೊದಲು ಲೆಕ್ಕ ಹಾಕಬೇಡಿ ಎಂದೆ. ಬ್ರಿಟನ್ನಿನಲ್ಲಿ ನಿಮಿರುವಿಕೆಯ ತೊಂದರೆಯಿದ್ದ 55 ಗಂಡಸರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಇಂಥ ವ್ಯಾಯಾಮದ ಅಧ್ಯಯನದಲ್ಲಿ, ಆರು ತಿಂಗಳಿಗೆ 40% ಜನ ಪೂರ್ತಿ ಸರಿಹೋದರು, ಸುಮಾರು 35% ಜನರಿಗೆ ಸುಧಾರಣೆಯಾಯಿತು, ಉಳಿದವರಿಗೆ ಏನೂ ಆಗಲಿಲ್ಲ. ಈ ಕೊನೆಯ ಮಾತನ್ನು ಮುಚ್ಚಿಡಬಾರದು.

ಇವರಿಗೆ ಮೂರನೇ ತಿಂಗಳಿಗೆ ನಿಮಿರುವಿಕೆ ನಡುವೆ ಇಳಿಯದೆ ಉಳಿಯತೊಡಗಿತು. ಸ್ಖಲನದ ಹತೋಟಿ ಕೆಲವು ದಿನ ಸಿಗುತ್ತದೆ, ಕೆಲವು ದಿನ ಇಲ್ಲ. ಅದಕ್ಕೆ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತಾಡಲು ಈಗ ಹೆಂಡತಿಯ ಜೊತೆ ಹೋಗುತ್ತಿದ್ದಾರೆ, ವ್ಯಾಯಾಮ ಮುಂದುವರಿದಿದೆ.